ಅಟ್ಟ ಸೇರಿದ ಅಮೆರಿಕಾ

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಮಕ್ಕಳು ವಿದೇಶದಲ್ಲಿರುವ ಯಾವ ಮನೆಯ ಅಟ್ಟವನ್ನಾದರೂ ಒಮ್ಮೆ ಹತ್ತಿ ನೋಡಿ ಮಾರಾಯ್ರೆ. ಹಳೇ ತೊಟ್ಟಿಲು, ಅಡಿಕೆ ಬೇಯಿಸುತ್ತಿದ್ದ ತಾಮ್ರದ ಹಂಡೆ, ಅಜ್ಜನ ಕೊಡೆಯ ಕಡ್ಡಿ, ಇವುಗಳ ಪಕ್ಕದಲ್ಲೇ ಪೆಟ್ಟಿಗೆ ಸಮೇತ ಒಂದು ಕಾಫಿ ಮೇಕರ್, ಒಂದು ಬ್ರೆಡ್ ಸುಡುವ ಯಂತ್ರ, ಕೂದಲು ಒಣಗಿಸುವ ಒಂದು ಗಾಳಿಬಂದೂಕು. ಎಲ್ಲ ಹೊಚ್ಚಹೊಸದು. ಒಂದೊಂದೂ ಒಂದೊಂದೇ ಸಲ ಉರಿದದ್ದು.

ನಮ್ಮ ಭಾವನ ಮನೆ ಅಟ್ಟಕ್ಕೆ ಹೋದದ್ದು ಅನ್ನದ ಕುಕ್ಕರ್. ನ್ಯೂಜೆರ್ಸಿಯ ಸಂಸಾರ ಕಟ್ಟಿಕೊಂಡು ಬಂದ ಸೊಸೆ ಅದನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಪಿನ್ನು ಚಪ್ಪಟೆ, ನಮ್ಮ ಗೋಡೆಯ ತೂತು ದುಂಡು. ಭಾವ ಪೇಟೆಗೆ ಹೋಗಿ ಒಂದು ಅಡಾಪ್ಟರ್ ತಂದರು. "ಪಿನ್ನು ಕೂತಿತಲ್ಲ, ಇನ್ನೆಂತ?" ಅಂದರು. ಪಿನ್ನು ಕೂತಿತು, ಕುಕ್ಕರ್ ಎದ್ದಿತು. ಅಕ್ಕಿ ತೊಳೆದು ಮುಗಿಯುವುದರೊಳಗೆ ವಾಸನೆ ಬಂತು. ಆಮೇಲೆ ಬಂದವರೆಲ್ಲ ಬೈದದ್ದು ಅಡಾಪ್ಟರನ್ನು. ಪಾಪ, ಅದರ ತಪ್ಪೇನಿದೆ? ಅದು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ಕರೆಂಟನ್ನಲ್ಲ.

ಲೆಕ್ಕ ಹಾಕಿ ನೋಡಿ. ಅಮೆರಿಕಾದ ಮನೆಗೆ ಬರುವುದು 120 ವೋಲ್ಟ್, ನಮಗೆ 230. ವೋಲ್ಟೇಜ್ ಹೆಚ್ಚುಕಡಿಮೆ ಎರಡು ಪಟ್ಟಾದರೆ ಕಾಯಿಸುವ ತಂತಿಯ ಶಾಖ ಎರಡು ಪಟ್ಟಾಗುವುದಲ್ಲ, ವರ್ಗದ ಲೆಕ್ಕದಲ್ಲಿ ಸುಮಾರು ಮೂರೂಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ಅಲ್ಲಿ 1,000 ವಾಟ್ ಎಳೆಯುತ್ತಿದ್ದ ಕುಕ್ಕರ್ ಇಲ್ಲಿ ಸುಮಾರು 3,700 ವಾಟ್ ಎಳೆಯಲು ಹೊರಡುತ್ತದೆ. ಒಳಗಿನ ಫ್ಯೂಸ್ ಮೊದಲು ಸತ್ತರೆ ಪುಣ್ಯ. ತಡವಾಗಿ ಸತ್ತರೆ ಪಕ್ಕದ ಪರದೆಯೂ ಹೋಗುತ್ತದೆ.

ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ, ಓದಿದ ಮಗ ಮನೆಯಲ್ಲಿದ್ದರೂ ಪ್ರಯೋಜನವಾಗಲಿಲ್ಲ ಅನ್ನುವುದು ಬೇರೆ ಮಾತು. ವಸ್ತುವನ್ನು ಬೋರಲು ಹಾಕಿದರೆ ಅಡಿಯಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. `INPUT: 100-240V~ 50/60Hz` ಅಂತಿದ್ದರೆ ಅದು ಲೋಕಸಂಚಾರಿ, ಬರೀ ಪಿನ್ನು ಬದಲಿಸಿದರೆ ಸಾಕು. `120V 60Hz` ಅಂತ ಮಾತ್ರ ಇದ್ದರೆ ಅದನ್ನು ಅಲ್ಲಿನ ನೆರೆಮನೆಯವರಿಗೆ ಕೊಟ್ಟು ಹೆಸರು ತಗೊಳ್ಳಿ. ಸಾಮಾನ್ಯವಾಗಿ ಲ್ಯಾಪ್‌ಟಾಪ್, ಫೋನ್, ಕ್ಯಾಮೆರಾಗಳ ಚಾರ್ಜರ್ ಮೊದಲ ಜಾತಿ. ಬಿಸಿ ಮಾಡುವುದು ಮತ್ತು ತಿರುಗುವುದು ಎರಡನೇ ಜಾತಿ.

ಆ ಮೊದಲ ಜಾತಿಗೂ ನಮ್ಮೂರಿಗೂ ಜಾತಕ ಬಹಳ ಚೆನ್ನಾಗಿ ಕೂಡುತ್ತದೆ. ಮಲೆನಾಡಿನ ಕರೆಂಟು ಹೆಸರಿಗೆ 230. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿದರೆ, ಟಿ.ಸಿ.ಯಿಂದ ದೂರದ ಒಂಟಿಮನೆಯಲ್ಲಿ ಅದು 170ಕ್ಕೂ ಇಳಿಯಬಹುದು. ಫ್ರಿಜ್ ನರಳುತ್ತದೆ, ಫ್ಯಾನು ಯೋಚನೆ ಮಾಡುತ್ತಾ ತಿರುಗುತ್ತದೆ, ಆದರೆ 100ರಿಂದ 240ರವರೆಗೆ ಒಪ್ಪಿಕೊಂಡ ಚಾರ್ಜರ್‌ಗೆ ಡಿಮ್ ಆದದ್ದೇ ಗೊತ್ತಾಗುವುದಿಲ್ಲ. ಮಳೆಗಾಲದ ಮೊದಲ ಗುಡುಗಿಗೆ ಮಾತ್ರ ಅದನ್ನೂ ಕಿತ್ತಿಡಿ, ಸಿಡಿಲಿನ ಮುಂದೆ ಯಾವ ದೇಶದ ಲೇಬಲ್ಲೂ ನಿಲ್ಲುವುದಿಲ್ಲ.

ಭಾವ ಸೋಲುವವರಲ್ಲ. ಎರಡನೇ ಸಲ ಸೊಸೆಯ ತಮ್ಮ ತಂದ ಇನ್ನೊಂದು ಕುಕ್ಕರ್‌ಗಾಗಿ ಒಂದು ಕನ್ವರ್ಟರ್ ತರಿಸಿದರು. ಅಂಗೈ ಮೇಲೆ ಕೂರುವಷ್ಟು ಚಿಕ್ಕದು, ಮೇಲೆ ಬರೆದದ್ದು 2,000 ವಾಟ್! ಇಲ್ಲೇ ಅನುಮಾನ ಬರಬೇಕು. ಅಷ್ಟು ಶಕ್ತಿಯ ನಿಜವಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಕಬ್ಬಿಣ, ತಾಮ್ರ ತುಂಬಿರುತ್ತದೆ, ಎತ್ತಿದರೆ ಸೊಂಟ ಹಿಡಿಯುತ್ತದೆ. ಈ ಹಗುರ ಡಬ್ಬಿ ಕರೆಂಟಿನ ಅಲೆಯನ್ನು ಕತ್ತರಿಸಿ ತುಂಡು ತುಂಡಾಗಿ ಬಡಿಸುತ್ತದೆ. ಬರೀ ತಂತಿ ಕಾಯುವ ಇಸ್ತ್ರಿ ಪೆಟ್ಟಿಗೆಗೆ ಸ್ವಲ್ಪ ಹೊತ್ತು ನಡೆದೀತು, ಬಟನ್ನು, ಡಿಸ್‌ಪ್ಲೇ ಇರುವ ಕುಕ್ಕರಿನ ಬೋರ್ಡಿಗೆ ಅದು ವಿಷ. ಕೊನೆಗೆ 2,000 ವಿ.ಎ.ಯ ಅಸಲಿ ಟ್ರಾನ್ಸ್‌ಫಾರ್ಮರ್ ಬಂತು. ಸಾವಿರ ವಾಟಿನ ವಸ್ತುವಿಗೆ ಒಂದೂವರೆಯಿಂದ ಎರಡು ಪಟ್ಟು ದೊಡ್ಡದು ಇಡಬೇಕು, ಅದು ಸರಿಯೇ. ಈಗ ಅನ್ನ ಆಗಬೇಕಲ್ಲ?

ಆಗಲಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಒಂದು ಪ್ರಮಾಣದಲ್ಲಿ ಇಳಿಸುತ್ತದೆ, ಅಷ್ಟೇ, ಸರಿಪಡಿಸುವುದಿಲ್ಲ. 230 ಕೊಟ್ಟರೆ 120, 170 ಕೊಟ್ಟರೆ 89. ಆ 89ರಲ್ಲಿ ಸಾವಿರ ವಾಟಿನ ಕುಕ್ಕರ್ ಸುಮಾರು 550 ವಾಟಿಗೆ ಇಳಿದು, ಅಕ್ಕಿ ಬೇಯದೆ ನೆನೆಯಿತು. ಟ್ರಾನ್ಸ್‌ಫಾರ್ಮರಿನ ಹಿಂದೆ ಒಂದು ಸ್ಟೆಬಿಲೈಜರ್ ಬೇಕು ಅಂತ ಲೈನ್‌ಮನ್ ಹೇಳಿದಾಗ ಅಕ್ಕ ಒಲೆ ಹೊತ್ತಿಸಿದಳು. ಈ ಎಲ್ಲದರ ಖರ್ಚಿನಲ್ಲಿ ಕೊಪ್ಪದ ಅಂಗಡಿಯಲ್ಲಿ ಎರಡು ಕುಕ್ಕರ್ ಬರುತ್ತಿದ್ದವು.

ಇನ್ನು ವೋಲ್ಟ್ ಪಕ್ಕ ಇರುವ 60ರ ಕಥೆ. ಅಮೆರಿಕಾದ ಕರೆಂಟು ಸೆಕೆಂಡಿಗೆ 60 ಸಲ ತೂಗುತ್ತದೆ, ನಮ್ಮದು 50. ಟ್ರಾನ್ಸ್‌ಫಾರ್ಮರ್ ಇದನ್ನು ಮುಟ್ಟುವುದೇ ಇಲ್ಲ. ಗೋಡೆಯ ಕರೆಂಟಿನ ಅಲೆ ಎಣಿಸಿ ನಡೆಯುವ ಗಡಿಯಾರವಿರುವ ಮೈಕ್ರೋವೇವ್ ತಂದರೆ, ಅದು ನಮ್ಮ ಒಂದು ಗಂಟೆಯನ್ನು 50 ನಿಮಿಷ ಅಂತ ತೋರಿಸುತ್ತದೆ. ದಿನಕ್ಕೆ ನಾಲ್ಕು ಗಂಟೆ ಹಿಂದೆ! ನಮ್ಮ ಕಡೆ ಊಟದ ಕರೆ ಬರುವ ಹೊತ್ತಿಗೆ ಅದು ಸರಿಹೊಂದುತ್ತದೆ ಅಂತ ಭಾವ ಸಮರ್ಥಿಸುತ್ತಾರೆ. ಗಡಿಯಾರ ತಪ್ಪಿದರೆ ನಗಬಹುದು. ಅದರ ಹಳೇ ಮಾದರಿಯ ಭಾರದ ಟ್ರಾನ್ಸ್‌ಫಾರ್ಮರ್ 60ಕ್ಕಾಗಿ ಮಾಡಿದ್ದಾದರೆ 50ರಲ್ಲಿ ಅತಿಯಾಗಿ ಕಾಯುತ್ತದೆ, ಅದಕ್ಕೆ ನಗುವಂತಿಲ್ಲ.

ದುಬೈಯವರಿಗೆ ಈ ಗೋಳಿಲ್ಲ. ಅಲ್ಲಿಯೂ 230 ವೋಲ್ಟ್, 50; ಪಿನ್ನು ಮಾತ್ರ ಇಂಗ್ಲಿಷರ ಚೌಕದ್ದು. ನಮ್ಮ ದುಂಡು ಮೂರು ಪಿನ್ನೂ ಇಂಗ್ಲಿಷರದ್ದೇ. ಅವರು 1947ರಲ್ಲಿ ಚೌಕ ಪಿನ್ನಿನ ಹೊಸ ಮಾದರಿ ತಂದರು, ನಾವು ಹಳೆಯದನ್ನೇ ಇಟ್ಟುಕೊಂಡೆವು. ದುಬೈಯಿಂದ ತಂದದ್ದಕ್ಕೆ ವೈರಿನ ತುದಿ ಕತ್ತರಿಸಿ ನಮ್ಮ ಟಾಪ್ ಹಾಕಿಸುವುದು ಅಡಾಪ್ಟರಿಗಿಂತ ವಾಸಿ: ಬಿಸಿಯಾಗುವ ವಸ್ತುವಿಗೆ ದಪ್ಪ ಪಿನ್ನಿನ 16 ಆಂಪಿಯರ್, ಅರ್ತ್ ವೈರು ಸಮೇತ. ಪೇಟೆಯ ಅಗ್ಗದ ಅಡಾಪ್ಟರ್‌ಗಳಲ್ಲಿ ಬಹಳಷ್ಟಕ್ಕೆ ಅರ್ತ್ ಸಂಪರ್ಕವೇ ಇರುವುದಿಲ್ಲ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಸ್ಟೀಲಿನ ಪಾತ್ರೆ ಮುಟ್ಟುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ತುದಿ ಕತ್ತರಿಸಿದಿರೋ, ಅನೇಕ ಕಂಪನಿಗಳಲ್ಲಿ ವಾರಂಟಿಯೂ ಕತ್ತರಿಸಿತು.

ವಾರಂಟಿ ಅಂದರೆ ಇನ್ನೊಂದು ತಮಾಷೆ. ಲ್ಯಾಪ್‌ಟಾಪಿಗೆ ಕೆಲವು ಕಂಪನಿಗಳು ಯಾವ ದೇಶದಲ್ಲಾದರೂ ರಿಪೇರಿ ಮಾಡಿಕೊಡುತ್ತವೆ, ಅಡುಗೆಮನೆಯ ಯಂತ್ರಗಳಿಗೆ ಹೆಚ್ಚಾಗಿ ಕೊಂಡ ದೇಶದಲ್ಲಿ ಮಾತ್ರ. ಕೊಳ್ಳುವ ಮೊದಲೇ ಮಾಡೆಲ್ ನಂಬರ್ ಹೇಳಿ ಭಾರತದ ಸರ್ವಿಸ್ ಸೆಂಟರಿಗೆ ಕೇಳಬೇಕು, ಬಿಲ್ಲಿನ ಫೋಟೋ ಇಟ್ಟುಕೊಳ್ಳಬೇಕು. ಅವರು ಹೌದು ಅಂದರೂ ಆ ಸೆಂಟರ್ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುತ್ತದೆ, ಘಾಟಿಯ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟು ಹೋಗಬೇಕು. ಫೋನಿನಲ್ಲಿ ಇನ್ನೊಂದು ಮೋಸ: ಅಮೆರಿಕಾದಲ್ಲಿ ಮಾರುವ ಐಫೋನುಗಳಿಗೆ 2022ರ 14ನೇ ಮಾದರಿಯಿಂದ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಒಂದೇ. ನಿಮ್ಮ ಮನೆ ಅಂಗಳಕ್ಕೆ ಯಾವ ಟವರ್ ಸಿಗುತ್ತದೋ ಆ ಕಂಪನಿ ಇ-ಸಿಮ್ ಕೊಡುತ್ತದೆಯೇ ಅಂತ ಕೇಳಿಕೊಂಡು ತರಿಸಿ. ಇಲ್ಲದಿದ್ದರೆ ಮಗನಿಗೆ ಫೋನ್ ಮಾಡಲು ಪಕ್ಕದ ಮನೆಗೆ ಹೋಗಬೇಕು.

ಇತ್ತ ಮಗಳು ಹೊರಟಾಗ ನಮ್ಮ ಅತ್ತಿಗೆಯಂದಿರು ಮಾಡುವುದೇನು? 750 ವಾಟಿನ ಇಲ್ಲಿನ ಮಿಕ್ಸಿ ಕಟ್ಟುತ್ತಾರೆ! ಅದು ಅಲ್ಲಿ 120ರಲ್ಲಿ ಸುಡುವುದಿಲ್ಲ, ಮಂಕಾಗಿ ತಿರುಗುತ್ತದೆ, ಚಟ್ನಿ ತರಿತರಿಯಾಗಿ ಉಳಿಯುತ್ತದೆ. ಅಲ್ಲಿಗೆಂದೇ ಮಾಡಿದ 110 ವೋಲ್ಟಿನ ಮಿಕ್ಸಿಗಳನ್ನು ನಮ್ಮ ಪ್ರೀತಿಯಂಥ ಕಂಪನಿಗಳೇ ಮಾರುತ್ತವೆ. ಹೊರಡುವ ಮೊದಲು ಅದನ್ನು ಇಲ್ಲಿ ಒಂದು ಸಲ ತಿರುಗಿಸಿ ನೋಡಬೇಕು ಅಂತ ಮಾತ್ರ ಅಂದುಕೊಳ್ಳಬೇಡಿ. ಭಾವ ಅಂದುಕೊಂಡರು.