ಪುಟ-ಕ್ರಿಕೆಟ್ ಮೀಮಾಂಸೆ

ಯಾಪಲದಿನ್ನಿಯ ಹದಿಹರೆಯದ ಗಂಡುಹುಡುಗರು ಪುಸ್ತಕವನ್ನು ಕೈಯಿಂದ ಮುಟ್ಟುವುದಿಲ್ಲ ಎಂಬ ಲೋಕಾಪವಾದವುಂಟು. ಪ್ರಸ್ತುತ ಪ್ರಬಂಧಕಾರನು ತನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ, ಬೇಸಿಗೆ ರಜೆಯ ಸುಡುಮಧ್ಯಾಹ್ನಗಳಲ್ಲಿ, ಮಜ್ಜಿಗೆಯ ಸಹಾಯಧನದಿಂದ ಕೈಗೊಂಡ ಸಂಶೋಧನೆಯು ಈ ಅಪವಾದವನ್ನು ಬುಡಸಮೇತ ಕಿತ್ತುಹಾಕುತ್ತದೆ. ಮುಟ್ಟುತ್ತಾರೆ. ಒಂದೇ ಮಧ್ಯಾಹ್ನದಲ್ಲಿ ಒಂದೇ ಪುಸ್ತಕವನ್ನು ನೂರು ಸಲ ತೆರೆಯುತ್ತಾರೆ. ಓದುವುದಿಲ್ಲ, ಅಷ್ಟೇ.

ತೆರೆಯುವ ಈ ಕ್ರಿಯೆಗೆ ಶಾಸ್ತ್ರದಲ್ಲಿ ಪುಟ-ಕ್ರಿಕೆಟ್ ಎಂದೂ ಓಣಿಯಲ್ಲಿ ಬುಕ್ ಕ್ರಿಕೆಟ್ ಎಂದೂ ಹೆಸರು. ಕಣ್ಣು ಮುಚ್ಚಿ ಪುಸ್ತಕ ತೆರೆಯಬೇಕು. ಎಡಗಡೆಯ ಪುಟದ ಸಂಖ್ಯೆಯ ಕೊನೆಯ ಅಂಕಿ ಎಷ್ಟೋ ಅಷ್ಟು ರನ್ನು. ಎಡಪುಟ ಯಾವಾಗಲೂ ಸಮಸಂಖ್ಯೆಯಾದ್ದರಿಂದ ಬೀಳುವುದು ಎರಡು, ನಾಲ್ಕು, ಆರು, ಎಂಟು ಅಥವಾ ಸೊನ್ನೆ. ಸೊನ್ನೆ ಬಿದ್ದರೆ ಔಟು. ಎಂಟರ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಕೆಲವರಿಗೆ ಅದು ನೋಬಾಲು, ಕೆಲವರಿಗೆ ಒಂದು ರನ್ನು. ನಮ್ಮ ಪಡಸಾಲೆ ಒಂದು ರನ್ನಿನ ಪಂಥಕ್ಕೆ ಸೇರಿದ್ದು.

ಈಗ ಗಣಿತ. ಐದರಲ್ಲಿ ಒಂದು ಸಲ ಔಟಾಗುವುದರಿಂದ ಒಬ್ಬ ಬ್ಯಾಟ್ಸ್‌ಮನ್ ಸರಾಸರಿ ನಾಲ್ಕು ಸಲ ರನ್ನು ಹೊಡೆದು ಐದನೆಯದಕ್ಕೆ ಹೋಗುತ್ತಾನೆ. ಎರಡು, ನಾಲ್ಕು, ಆರು, ಒಂದು ಕೂಡಿಸಿದರೆ ಹದಿಮೂರು. ಹತ್ತು ವಿಕೆಟ್ಟಿಗೆ ನೂರಾ ಮೂವತ್ತು, ಅದೂ ಸುಮಾರು ಐವತ್ತು ಎಸೆತಗಳಲ್ಲಿ. ಪಡಸಾಲೆಯ ಸ್ಕೋರುಗಳು ಇದಕ್ಕಿಂತ ಬಹಳ ಮೇಲಿದ್ದರೆ ಮೋಸ ನಡೆದಿದೆ ಎಂದು ತಿಳಿಯಬೇಕು. ಮೋಸದ ಮೂಲ ಬೈಂಡಿಂಗಿನಲ್ಲಿರುತ್ತದೆ: ಒಮ್ಮೆ ಚೆನ್ನಾಗಿ ಅಗಲಿಸಿ ಒತ್ತಿಟ್ಟ ಜಾಗದಲ್ಲೇ ಪುಸ್ತಕ ಮತ್ತೆ ಮತ್ತೆ ಬಾಯಿ ತೆರೆಯುತ್ತದೆ. ನಮ್ಮ ಪ್ರಯೋಗಪುರುಷನಾದ ಅಳಿಯ, ಒಂಬತ್ತನೆಯ ಇಯತ್ತೆ, ಸಮಾಜ ವಿಜ್ಞಾನದ ಗೈಡನ್ನು 56ನೆಯ ಪುಟದಲ್ಲಿ ಮೊಣಕಾಲಿನಿಂದ ಅದುಮಿಟ್ಟು ಮೂರು ದಿನ ಬರೀ ಸಿಕ್ಸರ್ ಹೊಡೆದಿದ್ದ. ಆ ಪುಟದಲ್ಲಿ ಏನಿತ್ತು ಎಂದು ಕೇಳಿದರೆ, “ಆರು ಇತ್ತು ಮಾಮಾ” ಎಂದ.

ಇವನಿಗೆ ಓದಲು ಬರುವುದಿಲ್ಲವೆಂದು ತಿಳಿದರೆ ಅದು ಎರಡನೆಯ ಅಪವಾದವಾದೀತು. 26.3-9-74-10 ಎಂದು ಚೀಟಿಯಲ್ಲಿ ಬರೆದು ಅವನ ಮುಂದೆ ಹಿಡಿದೆ. ಅವನು ಹುಟ್ಟುವುದಕ್ಕೆ ಎಷ್ಟೋ ಮುಂಚೆ, 1999ರ ಫೆಬ್ರವರಿಯಲ್ಲಿ, ದಿಲ್ಲಿಯಲ್ಲಿ ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ ಮಾಡಿದ ಬೌಲಿಂಗ್ ಅದು. ಹುಡುಗ ಮೊಬೈಲಿನಿಂದ ಅರ್ಧ ಕಣ್ಣು ಎತ್ತಿದ. “ಹತ್ತೂ ಇವನs ತಗಂಡಾನ. ಅಂದ್ರ ಒಬ್ಬನೂ ರನೌಟ್ ಆಗಿಲ್ಲ. ಉಳಿದ ಬೌಲರ್‌ಗೆಲ್ಲ ಸೊನ್ನಿ. ಮೂರನೇ ಬಾಲಿಗೇ ಓವರ್ ನಿಂತೈತಿ, ಅಂದ್ರ ಆಲೌಟ್ ಆಗ್ಯಾರ.” ನಾಲ್ಕು ಅಂಕಿಗಳಿಂದ, ಬರೆಯದೇ ಇದ್ದ ಮೂರು ಸಂಗತಿಗಳನ್ನು ಹಿಂಡಿ ತೆಗೆದ. ಪದ್ಯಕ್ಕೆ ವ್ಯಾಖ್ಯಾನ ಬರೆಯುವವರು ಮಾಡುವುದೂ ಇದನ್ನೇ, ತುಸು ನಿಧಾನವಾಗಿ. ಒಂಬತ್ತು ವಿಕೆಟ್ ಬಿದ್ದ ಮೇಲೆ ಆ ಕಡೆಯಿಂದ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಬಾಲು ಹಾಕಿದ್ದನ್ನು ಹೇಳಿದಾಗ ಮಾತ್ರ ಮೊಬೈಲು ಪೂರ್ತಿ ಕೆಳಗಿಳಿಯಿತು. ಅಂಕಿಯೊಳಗೆ ಇಲ್ಲದ್ದು ಅದೊಂದೇ.

ಇನ್ನು ಪೂರ್ವಪಕ್ಷ. ಕ್ರಿಕೆಟ್ ಇಷ್ಟವೆಂದರೆ ಕ್ರಿಕೆಟಿಗರ ಆತ್ಮಕಥೆ ಕೊಡಿ ಎಂಬುದು ಮೇಷ್ಟರುಗಳ ಮತ. ನೋಡಿದರೆ ಸರಿ, ಮಾಡಿದರೆ ತಪ್ಪು. ಆತ್ಮಕಥೆಯಲ್ಲಿ ಮೊದಲ ಬಾಲು ಬೀಳುವುದಕ್ಕೆ ಮುಂಚೆ ಅಜ್ಜನ ಊರು, ಅಪ್ಪನ ನೌಕರಿ, ಕೋಚ್ ಬೈದದ್ದು, ಲೋಕಲ್ ಟ್ರೈನು ಎಲ್ಲ ಮುಗಿಯಬೇಕು. ಮ್ಯಾಚ್ ಶುರುವಾದ ಮೇಲೋ, ಗೆದ್ದವರು ಯಾರೆಂದು ಹುಡುಗನಿಗೆ ಮೊದಲೇ ಗೊತ್ತು. ಹೈಲೈಟ್ಸನ್ನು ಅವನು ಹತ್ತು ಸಲ ನೋಡಿದ್ದಾನೆ. ವ್ಯಕ್ತಿತ್ವ ವಿಕಸನದ ಪುಸ್ತಕ ಕೊಡುವ ಇನ್ನೊಂದು ಪಂಥವಿದೆ. ಅವರೊಡನೆ ವಾದ ಮಾಡುವುದಕ್ಕಿಂತ ಎದ್ದು ನೀರು ಕುಡಿದು ಬರುವುದು ಆರೋಗ್ಯಕರ.

ಸಿದ್ಧಾಂತ ಹೀಗೆ. ಆಟದಲ್ಲಿ ಅವನನ್ನು ಹಿಡಿದಿಟ್ಟಿರುವುದು ಏನೋ ಅದೇ ಪುಸ್ತಕದಲ್ಲಿಯೂ ಇರಬೇಕು. ಆಟದ ಹೆಸರು ಇದ್ದರೆ ಸಾಲದು. ಮೊಬೈಲಿನಲ್ಲಿ ಅವನು ಆಡುವುದು ಬಿಜಿಎಂಐ. ನೂರು ಜನ ಬರಿಗೈಯಲ್ಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸಿಕ್ಕಿದ ಸಾಮಾನು ಬಾಚುತ್ತಾರೆ, ಸುತ್ತಲಿನ ಝೋನು ಕುಗ್ಗುತ್ತಾ ಬರುತ್ತದೆ, ಕೊನೆಗೆ ಉಳಿದವನೇ ಗೆದ್ದವನು. ಈ ಬಗೆಯ ಆಟಗಳಿಗೆ ಬ್ಯಾಟಲ್ ರಾಯಲ್ ಎಂಬ ಹೆಸರು ಬಂದದ್ದು ಒಂದು ಜಪಾನಿ ಸಿನಿಮಾದಿಂದ. ಆ ಸಿನಿಮಾಕ್ಕೆ ಮೂಲ 1999ರಲ್ಲಿ ಬಂದ ಕೋಶುನ್ ತಕಾಮಿಯ ಕಾದಂಬರಿ. ಅಂದರೆ ಹುಡುಗ ಹಗಲೂ ರಾತ್ರಿ ಆಡುತ್ತಿರುವುದು ಒಂದು ಪುಸ್ತಕದ ಮೊಮ್ಮಗನನ್ನು. ಇದನ್ನು ಹೇಳಿದಾಗ ಅವನು ಮೋಸಹೋದವನಂತೆ ನೋಡಿದ. ಆ ಕಾದಂಬರಿ ಒಂಬತ್ತನೆಯ ಇಯತ್ತೆಗೆ ತೀರ ರಕ್ತಮಯ, ಆದ್ದರಿಂದ ಅದನ್ನು ಕೊಡುವಂತಿಲ್ಲ. ಬರಿಗೈ, ಸಣ್ಣ ಗುಂಪು, ಹಿಂದಿನಿಂದ ಅಟ್ಟಿಬರುವ ಆಪತ್ತು, ಒಬ್ಬೊಬ್ಬರಾಗಿ ಕಡಿಮೆಯಾಗುವ ಜನ — ಇಷ್ಟೂ ಇರುವ ಕನ್ನಡ ಪುಸ್ತಕ ಯಾವುದು?

ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ‘ಮಹಾಪಲಾಯನ’. ಇಂಗ್ಲಿಷ್ ಮೂಲ 1956ರಲ್ಲಿ ಬಂದ ಸ್ಲಾವೊಮಿರ್ ರಾವಿಸ್‌ರ ‘ದಿ ಲಾಂಗ್ ವಾಕ್’. ಎರಡನೆಯ ಮಹಾಯುದ್ಧದ ಕಾಲ. ಸೈಬೀರಿಯಾದ ಕೈದಿ ಶಿಬಿರದಿಂದ ಏಳು ಜನ ತಪ್ಪಿಸಿಕೊಳ್ಳುತ್ತಾರೆ. ಕೈಯಲ್ಲಿ ಒಂದು ಕೊಡಲಿ, ಒಂದು ಚಾಕು, ಒಂದಿಷ್ಟು ಒಣ ತಿಂಡಿ. ದಾರಿಯಲ್ಲಿ ಕ್ರಿಸ್ಟೀನಾ ಎಂಬ ಹುಡುಗಿ ಸೇರಿ ಎಂಟಾಗುತ್ತಾರೆ. ಹಿಮ ದಾಟಿ, ಗೋಬಿ ಮರುಭೂಮಿಯಲ್ಲಿ ಹಾವು ತಿಂದು, ಹಿಮಾಲಯ ಹತ್ತಿ ಇಂಡಿಯಾ ಮುಟ್ಟುವಾಗ ಉಳಿದವರು ನಾಲ್ವರು.

ಆದರೆ ಪುಸ್ತಕ ಸಿಕ್ಕಿತೆಂದ ಮಾತ್ರಕ್ಕೆ ಓದು ಸಿಗುವುದಿಲ್ಲ. ‘ಓದು’ ಎಂದು ಕೊಟ್ಟಿದ್ದರೆ ಅದು ಟಿವಿಯ ಮೇಲೆ ಸೆಟ್‌ಟಾಪ್ ಬಾಕ್ಸಿನ ಕೆಳಗೆ ಸೇರುತ್ತಿತ್ತು. ಆದ್ದರಿಂದ ‘ಹೊಸ ಪಿಚ್’ ಎಂದು ಕೊಟ್ಟೆ. ಮೊದಲು ಮಾಡಿದ ನಿಯಮ: ಸೊನ್ನೆ ಬಿದ್ದರೆ ಔಟಾದವನು ಆ ಪುಟ ಓದಬೇಕು. ಇದು ಒಂದೇ ಇನಿಂಗ್ಸಿನಲ್ಲಿ ನೆಲಕಚ್ಚಿತು. ಔಟಾದ ದುಃಖದ ಮೇಲೆ ಓದುವ ಶಿಕ್ಷೆ. ಹುಡುಗ ಒಂದೇ ಉಸಿರಿಗೆ, ಪೂರ್ಣವಿರಾಮಗಳನ್ನೆಲ್ಲ ತುಳಿದುಕೊಂಡು ಓದಿ ಮುಗಿಸುತ್ತಿದ್ದ. ಪಡಸಾಲೆ ಶಾಲೆಯಾಯಿತು.

ಆಗ ನಿಯಮವನ್ನು ತಲೆಕೆಳಗು ಮಾಡಲಾಯಿತು. ಔಟಾದವನು ಬೇಕಾದರೆ ಡಿಆರ್‌ಎಸ್ ಕೇಳಬಹುದು. ಕೇಳಿದರೆ ಆ ಪುಟವನ್ನು ಗಟ್ಟಿಯಾಗಿ ಓದಿ, ಎದುರಾಳಿ ಅದರ ಮೇಲೆ ಹಾಕುವ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಸರಿಯಿದ್ದರೆ ನಾಟೌಟ್, ರಿವ್ಯೂ ಕೂಡ ಉಳಿಯುತ್ತದೆ. ತಪ್ಪಿದರೆ ಎರಡೂ ಹೋಗುತ್ತವೆ. ಟಿ20ಯ ಹಾಗೆ ಇನಿಂಗ್ಸಿಗೆ ಎರಡು ರಿವ್ಯೂ. ಓದು ಈಗ ವಿಕೆಟ್ ಉಳಿಸುವ ಹಕ್ಕು. ಎದುರಾಳಿಯೂ ಸುಮ್ಮನೆ ಕೂರುವಂತಿಲ್ಲ. ಕಷ್ಟದ ಪ್ರಶ್ನೆ ಹಾಕಲು ಅವಳೂ ಕಿವಿಗೊಟ್ಟು ಕೇಳಬೇಕು. ಎದುರಾಳಿ ಎಂದರೆ ಅವನ ತಂಗಿ, ಏಳನೆಯ ಇಯತ್ತೆ, ನಿರ್ದಯಿ.

ಒಂದು ದಾಖಲೆ. ಹುಡುಗ 41 ರನ್ನಿಗೆ ನಾಲ್ಕು. ಸೊನ್ನೆ ಬಿತ್ತು. ರಿವ್ಯೂ ಕೇಳಿದ. ಪುಟ ಗೋಬಿಯ ನಡುಮಧ್ಯದ್ದು, ನೀರಿಲ್ಲದೆ ನಡೆಯುತ್ತಿದ್ದಾರೆ. ಹೊರಗೆ ನಮ್ಮ ರಾಯಚೂರಿನ ಬಿಸಿಲು ನಲವತ್ತು ದಾಟಿತ್ತು, ಹುಡುಗ ಆ ವಿಷಯದಲ್ಲಿ ತಜ್ಞ. ಎಂದೂ ಇಲ್ಲದ ನಿಧಾನದಲ್ಲಿ ಓದಿದ. ತಂಗಿ ಕೇಳಿದಳು: “ಆ ಹುಡುಗಿ ಯಾರು? ಇವರ ಜೋಡಿ ಯಾಕ ಬಂದಾಳ?” ಆ ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪುಟದ ಹೊರಗಿನ ಪ್ರಶ್ನೆ ಅಸಿಂಧು ಎಂದು ಇವನು, ಕತೆ ತಿಳಿಯದೆ ರಿವ್ಯೂ ಯಾಕೆ ಕೇಳಿದಿ ಎಂದು ಅವಳು. ಅಂಪೈರಾಗಿದ್ದ ಅಜ್ಜಿ ಅಡಿಕೆ ಕತ್ತರಿಸುತ್ತಾ ತೀರ್ಪು ಕೊಟ್ಟಳು: “ಹಿಂದಕ ಹೋಗಿ ಹುಡುಕ್ಕೋಬಾ. ಅಲ್ಲೀತನ ಆಟ ಬಂದ್.” ಹುಡುಗ ಹಿಂದಕ್ಕೆ ಹೋದ. ಕ್ರಿಸ್ಟೀನಾ ಸಿಗುವ ತನಕ ಹೋದ, ಅವಳು ಸಿಕ್ಕಲ್ಲಿಂದ ಮುಂದಕ್ಕೆ ಬಂದ. ಆ ದಿನದ ಮ್ಯಾಚು 41ಕ್ಕೆ ನಾಲ್ಕರಲ್ಲೇ ನಿಂತಿದೆ.

ಗುಣ ಬಂದಿದೆ ಎಂದು ತಿಳಿಯುವುದು ಹೇಗೆ? ಎಷ್ಟು ಪುಟ ಆಯಿತೆಂದು ಕೇಳಬಾರದು, ಸುಳ್ಳು ಹೇಳುತ್ತಾನೆ. ಅವನೇನು ಕೇಳುತ್ತಾನೆ ನೋಡಬೇಕು. “ಮಾಮಾ, ಸತ್ತೋರು ಮತ್ತ ಬರಂಗಿಲ್ಲೇನು?” ಎಂದು ಕೇಳಿದಾಗ, ಆಟದಲ್ಲಿ ಸತ್ತವನು ಮುಂದಿನ ಮ್ಯಾಚಿಗೆ ಎದ್ದು ಬರುವ ಸುಖ ಇಲ್ಲಿಲ್ಲ ಎಂಬುದು ಅವನಿಗೆ ತಟ್ಟಿತ್ತು. ಮರುದಿನ ಇನ್ನೊಂದು: “ಇದು ಖರೇನೇನು?” ಪ್ರಬಂಧಕಾರನು ಪ್ರಾಮಾಣಿಕನಾಗಿ ಹೇಳಿದ. ರಾವಿಸ್ ತಾನೇ ನಡೆದೆನೆಂದು ಬರೆದ. ಆದರೆ 1942ರಲ್ಲಿ ಸೋವಿಯತ್ ಸರ್ಕಾರ ಅವನನ್ನು ಬಿಡುಗಡೆ ಮಾಡಿತ್ತೆಂದು ತೋರಿಸುವ ದಾಖಲೆಗಳನ್ನು 2006ರಲ್ಲಿ ಬಿಬಿಸಿ ಹೊರಗೆ ತಂದಿತು. ಹಿಮಾಲಯದಲ್ಲಿ ಎರಡು ವಿಚಿತ್ರ ಪ್ರಾಣಿ ಕಂಡೆವೆಂಬ ಮಾತನ್ನಂತೂ ಪುಸ್ತಕ ಬಂದಾಗಿನಿಂದಲೇ ಅನೇಕರು ನಂಬಿಲ್ಲ. ಸಂಶಯ ಹೇಳಿದರೆ ಹುಡುಗ ಪುಸ್ತಕ ಬಿಸಾಡುತ್ತಾನೆಂಬ ಭಯವಿತ್ತು. ಅವನು ಆ ಪ್ರಾಣಿಗಳ ಪುಟ ಹುಡುಕಲು ಕೂತ. ಹ್ಯಾಕ್ ಮಾಡಿ ಗೆದ್ದವನನ್ನು ಹಿಡಿಯುವುದು ಬಿಜಿಎಂಐಯಲ್ಲಿಯೂ ಅವನ ಪ್ರಿಯವಾದ ಕೆಲಸವಂತೆ.

ಈ ಪದ್ಧತಿಗೆ ಒಂದು ಮಿತಿಯುಂಟು. ‘ಮಹಾಪಲಾಯನ’ ಪಿಚ್ಚಾಗಿ ನಿಂತದ್ದು, ಅದನ್ನು ಎಲ್ಲಿ ತೆರೆದರೂ ಕೆಡುವುದಿಲ್ಲವೆಂಬ ಕಾರಣಕ್ಕೆ. ಬರೆದವನು ಬದುಕಿ ಉಳಿದನೆಂದು ಮೊದಲೇ ಗೊತ್ತು. ಗೊತ್ತಿಲ್ಲದ್ದು ಹೇಗೆ ಎಂಬುದಷ್ಟೇ. ಅದೇ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಇದಕ್ಕೆ ಒಗ್ಗುವುದಿಲ್ಲ. ಒಂದು ಹಗಲು ಒಂದು ರಾತ್ರಿಯೊಳಗೆ ಗಂಟಿನ ಮೇಲೆ ಗಂಟು ಬೀಳುತ್ತಾ ಹೋಗುವ ಕತೆಯದು. ಕೊನೆಯ ಹಾಳೆಗಳಲ್ಲಿ ಒಂದು ಸಿಕ್ಸರ್ ಬಿದ್ದರೆ ಗಂಟುಗಳೆಲ್ಲ ಬಿಚ್ಚಿ ಅಂಗಳಕ್ಕೆ ಬೀಳುತ್ತವೆ. ಪತ್ತೇದಾರಿ ಪುಸ್ತಕಗಳಿಗೂ ಇದೇ ಮಾತು. ಇವನ್ನು ಮೊದಲ ಪುಟದಿಂದಲೇ ಕೊಡಬೇಕು, ಅದೂ ಹಿಂದಿನದೊಂದು ಮುಗಿದ ಮೇಲೆ.

ಹಾಗಾಗಿ ಸದ್ಯ ‘ಜುಗಾರಿ ಕ್ರಾಸ್’ ಪ್ರಬಂಧಕಾರನ ಚೀಲದಲ್ಲೇ ಇದೆ. ಸಮಾಜ ವಿಜ್ಞಾನದ ಗೈಡು ಮತ್ತೆ ಪಿಚ್ಚಾಗಿದೆ, ಆದರೆ ತಂಗಿ ಡಿಆರ್‌ಎಸ್ ನಿಯಮವನ್ನು ಅದಕ್ಕೂ ಹಚ್ಚಿದ್ದಾಳೆ. ಹುಡುಗ 56ನೆಯ ಪುಟವನ್ನು ಈಗ ಮೊಣಕಾಲಿನಿಂದ ಅದುಮುತ್ತಿಲ್ಲ. ಸೊನ್ನೆಯ ಪುಟಗಳನ್ನು ಮೊದಲೇ ಕದ್ದು ಓದಿಟ್ಟುಕೊಂಡು ಬರುತ್ತಾನೆಂದು ಅವಳ ದೂರು. ಇದು ಮೋಸವೋ ಅಲ್ಲವೋ ಎಂಬ ಪ್ರಕರಣ ಅಜ್ಜಿಯ ಮುಂದೆ ಬಾಕಿಯಿದೆ.