ಬೋರ್ಡಿಲ್ಲದ ಬ್ಯಾಂಕಿನ ಸೀಲು

ಆದಾಯ ತೆರಿಗೆ ಇಲಾಖೆಗೆ ನಿಮ್ಮ ಬಗ್ಗೆ ಗೊತ್ತಿಲ್ಲದ್ದು ಕಡಿಮೆ. ಉಳಿತಾಯ ಖಾತೆಯಲ್ಲಿ ಮರೆತು ಬಿಟ್ಟ ದುಡ್ಡಿಗೆ ಬ್ಯಾಂಕು ನಲವತ್ತೇಳು ರೂಪಾಯಿ ಬಡ್ಡಿ ಕೊಟ್ಟರೆ, ಆ ನಲವತ್ತೇಳು ರೂಪಾಯಿ ನಿಮಗಿಂತ ಮೊದಲು ಇಲಾಖೆಗೆ ತಲುಪಿರುತ್ತದೆ. ಎಐಎಸ್ ಎಂಬ ವಾರ್ಷಿಕ ಪಟ್ಟಿಯಲ್ಲಿ ನಿಮ್ಮ ಪ್ಯಾನ್ ನಂಬರಿನ ಕೆಳಗೆ ಅದು ಅಚ್ಚುಕಟ್ಟಾಗಿ ಕೂತಿರುತ್ತದೆ. ಆದರೆ ಅದೇ ಬ್ಯಾಂಕಿಗೆ, ಅದೇ ವರ್ಷ, ಮಗಳ ಓದಿನ ಸಾಲಕ್ಕೆಂದು ನಲವತ್ತೊಂಬತ್ತು ಸಾವಿರ ಬಡ್ಡಿ ಕಟ್ಟಿದರೆ ಆ ಪಟ್ಟಿ ಮೌನ. ಬಂದದ್ದನ್ನು ಬ್ಯಾಂಕು ತಾನಾಗಿ ಹೇಳುತ್ತದೆ. ಹೋದದ್ದನ್ನು ನೀವು ಸೀಲು ಹಾಕಿಸಿ ತಂದು ತೋರಿಸಬೇಕು.

ತೋರಿಸುವ ಕಾಲ ಈಗ ಬಂದಿದೆ. 80ಇ ಕಲಮಿನಡಿ ಉನ್ನತ ಶಿಕ್ಷಣದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು, ಅದಕ್ಕೆ ಗರಿಷ್ಠ ಮಿತಿಯೂ ಇಲ್ಲ. ಮಿತಿಯಿಲ್ಲ ಎಂದರೆ ಸಾಲವೇ ಬೇಕಿಲ್ಲ ಎಂದು ಕೆಲವರು ಅರ್ಥ ಮಾಡಿಕೊಂಡರು. ಕಮಿಷನ್ ಏಜೆಂಟರು ಹುಟ್ಟಿಕೊಂಡರು, ಕಾಲೇಜು ಮೆಟ್ಟಿಲು ಹತ್ತದವರ ರಿಟರ್ನಿನಲ್ಲೂ ವಿದ್ಯೆಯ ಸಾಲ ಕಾಣಿಸಿಕೊಂಡಿತು. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ತಪಾಸಣೆ ನಡೆಸಿತು. ಅದಕ್ಕೂ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ತಾವಾಗಿಯೇ ಹಿಂತೆಗೆದುಕೊಂಡಿದ್ದರು ಎಂದೂ ತಿಳಿಸಿತು. ಒಳ್ಳೆಯದೇ ಆಯಿತು. ಸುಳ್ಳು ಹೇಳಿದವರು ಹಿಂತೆಗೆದುಕೊಂಡು ಬಚಾವಾದರು. ನಿಜ ಹೇಳಿದವರು ಈಗ ರುಜುವಾತು ಹುಡುಕುತ್ತಿದ್ದಾರೆ.

ವಿಜಯನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ, ಐಟಿ ಕೆಲಸದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅಪ್ಪ ಅಮ್ಮ ಕೆಂಗೇರಿ ಉಪನಗರದಲ್ಲಿ. 2018ರಲ್ಲಿ ಎಂಜಿನಿಯರಿಂಗ್ ಸೇರುವಾಗ ಸಾಲ ಮಾಡಿದಳು, ಅಪ್ಪ ಜೊತೆಸಾಲಗಾರ. ಓದು ಮುಗಿದು ಒಂದು ವರ್ಷದ ಬಿಡುವೂ ಕಳೆದು, 2023ರಿಂದ ಕಂತು ಶುರು. ಮನೆ ಬಾಡಿಗೆ, ಪಿಎಫ್, ವಿಮೆ ಎಲ್ಲ ಕೂಡಿ ಹಳೆ ತೆರಿಗೆ ಪದ್ಧತಿಯೇ ಲಾಭ ಎಂದು ಆಡಿಟರು ಲೆಕ್ಕ ಹಾಕಿಕೊಟ್ಟರು. ಹೊಸ ಪದ್ಧತಿಯಲ್ಲಿ 80ಇ ಇಲ್ಲವೇ ಇಲ್ಲ. ಅಲ್ಲಿ ಓದಿದವರಿಗೂ ಓದದವರಿಗೂ ಒಂದೇ ಪಂಕ್ತಿ. 2024-25ನೇ ಸಾಲಿನ ರಿಟರ್ನಿನಲ್ಲಿ ಸಾಲ ಕೊಟ್ಟ ಬ್ಯಾಂಕು, ಖಾತೆ ನಂಬರು, ಮಂಜೂರಾದ ದಿನಾಂಕ, ಒಟ್ಟು ಸಾಲ, ಮಾರ್ಚ್ 31ರ ಬಾಕಿ, ಬಡ್ಡಿ, ಎಲ್ಲವನ್ನೂ ಕೇಳಿದ್ದರು, ಎಲ್ಲವನ್ನೂ ತುಂಬಿದಳು. ಆಮೇಲೆ 142(1) ಕಲಮಿನ ನೋಟಿಸು ಬಂತು: ಮೇಲಿನದ್ದಕ್ಕೆಲ್ಲ ದಾಖಲೆ ಒದಗಿಸಿ.

ದಾಖಲೆ ಎಂದರೆ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟು. ಬ್ಯಾಂಕು ಎಂದರೆ ಯಾವ ಬ್ಯಾಂಕು?

ಕನ್ನಡನಾಡು ಹೆತ್ತ ನಾಲ್ಕು ಬ್ಯಾಂಕುಗಳು ಮೂರೇ ವರ್ಷದಲ್ಲಿ ಬೋರ್ಡು ಇಳಿಸಿಕೊಂಡವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನ. ಮರುವರ್ಷದ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಮೂರೂ ಸಲ ಏಪ್ರಿಲ್ ಒಂದನೇ ತಾರೀಕನ್ನೇ ಆರಿಸಿದವರ ಹಾಸ್ಯಪ್ರಜ್ಞೆ ದೊಡ್ಡದು. ನಮ್ಮ ಹುಡುಗಿಗೆ ಸಾಲ ಕೊಟ್ಟದ್ದು 2018ರಲ್ಲಿ ಉಸಿರಾಡುತ್ತಿದ್ದ ಮೂರರಲ್ಲಿ ಒಂದು. ಖಾತೆ ನಂಬರು ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು, ಹತ್ತಿರ ಹತ್ತಿರವಿದ್ದ ಶಾಖೆಗಳು ಒಂದಾದವು.

ಮಗಳಿಗೆ ರಜೆ ಇಲ್ಲ, ಅಪ್ಪ ನಿವೃತ್ತ. ಹಾಗಾಗಿ ತಿರುಗಾಟ ಅಪ್ಪನ ಪಾಲಿಗೆ. ಕೆಂಗೇರಿಯಲ್ಲಿ ನೇರಳೆ ಮೆಟ್ರೊ ಹತ್ತಿ ವಿಜಯನಗರದ ಹಳೆ ಶಾಖೆಗೆ ಹೋದರೆ, ಅಲ್ಲಿ ಈಗ ಕನ್ನಡಕದಂಗಡಿ. ಶಾಖೆ ರಾಜಾಜಿನಗರದ್ದರ ಜೊತೆ ಸೇರಿದೆ ಎಂದು ಅಂಗಡಿಯವ ಹೇಳಿದ. ಮತ್ತೆ ಮೆಜೆಸ್ಟಿಕ್‌ವರೆಗೆ ಹೋಗಿ, ಹಸಿರು ಮಾರ್ಗಕ್ಕೆ ಬದಲಾಯಿಸಿ, ರಾಜಾಜಿನಗರದಲ್ಲಿ ಇಳಿದು ಕೌಂಟರಿನ ಮುಂದೆ ನಿಂತರು.

“ಸಾರ್, ಈ ಲೋನು ನಮ್ಮದಲ್ಲ, ಹಳೆ ಬ್ಯಾಂಕಿಂದು. ಆ ಫೈಲೆಲ್ಲ ಇಲ್ಲಿಲ್ಲ.”

“ಹೋದ ತಿಂಗಳು ಕಂತು ಒಂದು ದಿನ ತಡವಾದಾಗ ಫೋನ್ ಮಾಡಿದ್ದು ನೀವೇ ಅಲ್ವಾ?”

“ಅದು ರಿಕವರಿ ಸೆಕ್ಷನ್ ಸಾರ್. ಅವರ ಹತ್ರ ಎಲ್ಲಾ ಡೀಟೇಲ್ಸ್ ಇರುತ್ತೆ.”

ವಿಲೀನದ ಮಹಿಮೆ ಇಷ್ಟೆ. ಕೊಡಬೇಕಾದದ್ದು ಕಳೆದುಹೋಗಬಹುದು, ಬರಬೇಕಾದದ್ದು ಒಂದೂ ಕಳೆಯುವುದಿಲ್ಲ. ಆದರೆ ರಾಜ್ಯಪತ್ರದಲ್ಲಿ ಪ್ರಕಟವಾದ ವಿಲೀನದ ಯೋಜನೆ ಹಾಗೆ ಹೇಳುವುದಿಲ್ಲ. ಹಳೆ ಬ್ಯಾಂಕಿನ ಆಸ್ತಿ, ಸಾಲ, ಹಕ್ಕು, ಹೊಣೆ, ಲೆಕ್ಕದ ಪುಸ್ತಕ ಎಲ್ಲವೂ ಹೊಸ ಬ್ಯಾಂಕಿನದಾಗುತ್ತವೆ. ಕಂತು ವಸೂಲು ಮಾಡುವ ಅಧಿಕಾರ ಎಲ್ಲಿಂದ ಬಂತೋ, ಸರ್ಟಿಫಿಕೇಟು ಕೊಡುವ ಜವಾಬ್ದಾರಿಯೂ ಅಲ್ಲಿಂದಲೇ ಬಂದಿದೆ. ಆದ್ದರಿಂದ ಕೌಂಟರಿನಲ್ಲಿ ವಾದಿಸುವುದು ದಂಡ. ಹಳೆ ನಂಬರು, ಹೊಸ ನಂಬರು, ಯಾವ ಹಣಕಾಸು ವರ್ಷ ಎಂದು ಬರೆದು ಮ್ಯಾನೇಜರಿಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ತಾರೀಕಿನ ಸಮೇತ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ಸರ್ಟಿಫಿಕೇಟಿಗೆ ಇಲ್ಲದ ಸೀಲು ಅರ್ಜಿಗೆ ಮಾತ್ರ ಧಾರಾಳವಾಗಿ ಸಿಗುತ್ತದೆ.

ಇಲ್ಲಿ ಕಾಲದ ಲೆಕ್ಕವೂ ಒಂದು ತಮಾಷೆ. ನೋಟಿಸಿಗೆ ಉತ್ತರಿಸಲು ನಿಮಗೆ ಸಿಗುವುದು ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಆದರೆ ಬ್ಯಾಂಕಿಗೆ ಮೊದಲು ಮೂವತ್ತು ದಿನ ಕೊಡಬೇಕು. ಸಾಲ ತೀರಿಸುವವನಿಗೆ ಎರಡು ವಾರ, ಕಾಗದ ಕೊಡುವವನಿಗೆ ಒಂದು ತಿಂಗಳು. ಸುಮ್ಮನೆ ಕೂತರೆ ನೋಟಿಸಿಗೆ ಉತ್ತರಿಸದ ತಪ್ಪಿಗೆ ಹತ್ತು ಸಾವಿರದವರೆಗೆ ದಂಡ ಬೀಳಬಹುದು, ಅಧಿಕಾರಿ ತನಗೆ ತೋಚಿದಂತೆ ಲೆಕ್ಕ ಕಟ್ಟಿ ಮುಗಿಸಲೂಬಹುದು. ಅದಕ್ಕೇ ಪೋರ್ಟಲಿನ e-Proceedings ವಿಭಾಗದಲ್ಲಿ ಗಡುವಿಗೆ ಮುಂಚೆಯೇ ಕಾಲಾವಕಾಶ ಕೋರಿ, ಅರ್ಜಿಯ ಆ ನಕಲನ್ನು ಲಗತ್ತಿಸಬೇಕು. ತೆರಿಗೆ ಪರಿಶೀಲನೆ ಈಗ ಮುಖರಹಿತ. ಕಡತ ನೋಡುವವರು ದೇಶದ ಯಾವ ಊರಿನಲ್ಲೂ ಇರಬಹುದು. ಮುಖವಿಲ್ಲದ ಅಧಿಕಾರಿ, ಬೋರ್ಡಿಲ್ಲದ ಬ್ಯಾಂಕು; ನಡುವೆ ವಿಳಾಸ ಇರುವವಳು ಇವಳೊಬ್ಬಳೇ.

ಬಸವೇಶ್ವರನಗರದ ಆಡಿಟರು ಮಾತ್ರ ಗಾಬರಿಯಾಗಲಿಲ್ಲ. “ನೋಡಮ್ಮಾ, 80ಇ ಕಲಮನ್ನು ಪೂರ್ತಿ ಓದು. ಬಡ್ಡಿ ಕಟ್ಟಿರಬೇಕು ಅಂತ ಇದೆ. ಇಂಥದ್ದೇ ಸರ್ಟಿಫಿಕೇಟು ಕೊಡಬೇಕು ಅಂತ ಎಲ್ಲೂ ಇಲ್ಲ” ಎಂದರು. ಕಾನೂನು ಅದಕ್ಕೊಂದು ನಮೂನೆಯನ್ನೇ ಗೊತ್ತು ಮಾಡಿಲ್ಲ. ಸರ್ಟಿಫಿಕೇಟು ಅನುಕೂಲದ ಕಾಗದ, ಅದಿದ್ದರೆ ಕೆಲಸ ಬೇಗ. ಅದಿಲ್ಲದಿದ್ದರೆ ಸಾಲ ಇತ್ತು, ಅದು ಓದಿಗೇ ಆಗಿತ್ತು, ಬಡ್ಡಿ ಆ ವರ್ಷವೇ ಸಂದಾಯವಾಗಿದೆ ಎಂಬ ಮೂರನ್ನು ಬೇರೆ ಕಾಗದಗಳಿಂದ ಸಾಬೀತು ಮಾಡುವ ಭಾರ ನಮ್ಮ ಮೇಲೆ. ಮಂಜೂರಾತಿ ಪತ್ರ ಮೊದಲ ಎರಡಕ್ಕೆ, ಕಾಲೇಜಿನ ಶುಲ್ಕದ ರಸೀದಿ ಅದಕ್ಕೆ ಬೆಂಬಲ. ಹೊಸ ನಂಬರು ಹಳೆಯದರ ಮುಂದುವರಿಕೆ ಎನ್ನಲು ವಿಲೀನದ ಸಮಯದಲ್ಲಿ ಬ್ಯಾಂಕು ಕಳಿಸಿದ ಪತ್ರ. ಮೂರನೆಯದಕ್ಕೆ ಸಾಲದ ಖಾತೆಯ ಸ್ಟೇಟ್‌ಮೆಂಟು, ಕಂತು ಕಡಿತವಾದ ಸಂಬಳದ ಖಾತೆಯ ಸ್ಟೇಟ್‌ಮೆಂಟು. ಇವೆರಡೂ ನೆಟ್ ಬ್ಯಾಂಕಿಂಗ್‌ನಲ್ಲೇ ಸಿಕ್ಕವು.

ಸ್ಟೇಟ್‌ಮೆಂಟಿನಿಂದ ಬಡ್ಡಿ ತೆಗೆಯುವ ಲೆಕ್ಕ ಏಳನೇ ಕ್ಲಾಸಿನದು. 2024ರ ಏಪ್ರಿಲ್ ಒಂದಕ್ಕೆ ಬಾಕಿ 5,00,000 ರೂಪಾಯಿ, ಬಡ್ಡಿ ದರ 10.5%, ತಿಂಗಳಿಗೆ ಕಂತು 10,000. ವರ್ಷವಿಡೀ ಕಟ್ಟಿದ್ದು 1,20,000. 2025ರ ಮಾರ್ಚ್ 31ಕ್ಕೆ ಉಳಿದ ಬಾಕಿ 4,29,155. ಅಂದರೆ ಅಸಲು ಇಳಿದದ್ದು 70,845 ಮಾತ್ರ. ಉಳಿದ 49,155 ಬಡ್ಡಿಗೆ ಹೋಯಿತು. ಬ್ಯಾಂಕು ತಿಂಗಳು ತಿಂಗಳು ಹಾಕಿದ ಬಡ್ಡಿಯ ಸಾಲುಗಳನ್ನು ಕೂಡಿದರೂ ಇದೇ ಬರಬೇಕು. ಬರದಿದ್ದರೆ ನಡುವೆ ವಿಮೆಯ ಪ್ರೀಮಿಯಮ್ಮೋ ದಂಡ ಶುಲ್ಕವೋ ನುಸುಳಿದೆ ಎಂದರ್ಥ. ಅದನ್ನು ಬಡ್ಡಿಯಿಂದ ಹೊರಗಿಡಬೇಕು. ಕಂತು ತಪ್ಪಿ ಬಾಕಿ ಇಳಿಯುವ ಬದಲು ಏರಿದ್ದರೆ ಈ ಲೆಕ್ಕ ನಡೆಯದು. ಬ್ಯಾಂಕು ಖಾತೆಗೆ ಹಾಕಿದ ಬಡ್ಡಿ ಬೇರೆ, ನೀವು ಕಟ್ಟಿದ ಬಡ್ಡಿ ಬೇರೆ. 80ಇ ಕೊಡುವುದು ಕಟ್ಟಿದ್ದಕ್ಕೆ ಮಾತ್ರ.

ಜನ ಜಾರಿ ಬೀಳುವುದು ಇಲ್ಲೇ. ಕಂತು ಪೂರ್ತಿ, 1,20,000, ಕ್ಲೇಮ್ ಮಾಡಿದವರಿಗೆ ಇಪ್ಪತ್ತು ಪರ್ಸೆಂಟಿನ ಹಂತದಲ್ಲಿ, ಸೆಸ್ ಸೇರಿ, ಸುಮಾರು 14,700 ರೂಪಾಯಿ ಹೆಚ್ಚು ಉಳಿಯುತ್ತದೆ. ಸಿಕ್ಕಿಬಿದ್ದ ದಿನ ಆ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕು. ಆದಾಯ ಕಡಿಮೆ ತೋರಿಸಿದ್ದಕ್ಕೆ ಆ ತೆರಿಗೆಯ ಅರ್ಧದಷ್ಟು ದಂಡ. ಬೇಕಂತಲೇ ತಪ್ಪು ಹೇಳಿದ್ದೆಂದು ತೀರ್ಮಾನವಾದರೆ ಎರಡು ಪಟ್ಟು. ಇನ್ನು ಬಡಾವಣೆಯ ಸೌಹಾರ್ದ ಸೊಸೈಟಿಯಲ್ಲೋ, ಚೀಟಿ ಎತ್ತಿಯೋ, ಮಾವನ ಹತ್ತಿರವೋ ಸಾಲ ಮಾಡಿ ಓದಿಸಿದವರಿಗೆ ಯಾವ ಸರ್ಟಿಫಿಕೇಟೂ ಕೆಲಸಕ್ಕೆ ಬಾರದು. ಸಾಲ ಕೊಟ್ಟದ್ದು ಬ್ಯಾಂಕು, ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆ ಇಲ್ಲವೆ ಮಾನ್ಯತೆ ಪಡೆದ ಧರ್ಮಾರ್ಥ ಸಂಸ್ಥೆಯೇ ಆಗಿರಬೇಕು. ಮಾವನ ಬಡ್ಡಿ ನಿಜವಾದದ್ದು, ಕಾನೂನಿಗೆ ಮಾತ್ರ ಕಾಣಿಸದು.

ಆಡಿಟರು ಉತ್ತರದ ಕೊನೆಗೆ ಒಂದು ಸಾಲು ಸೇರಿಸಿದರು: ಅಗತ್ಯವೆನಿಸಿದರೆ ತಾವು 133(6) ಕಲಮಿನಡಿ ಬ್ಯಾಂಕಿನಿಂದಲೇ ಮಾಹಿತಿ ತರಿಸಿಕೊಳ್ಳಬಹುದು. ಆ ಕಲಮು ಅಧಿಕಾರಿಗೆ ಕೊಟ್ಟಿರುವ ಅಧಿಕಾರ ಅದೇ. ಕೆಂಗೇರಿಯ ಅಪ್ಪ ಎರಡು ಬಣ್ಣದ ಮೆಟ್ರೊ ಹತ್ತಿ ಕೇಳಿದ ಪ್ರಶ್ನೆಯನ್ನು ಅಧಿಕಾರಿ ಕುರ್ಚಿಯಲ್ಲಿ ಕೂತೇ ಕೇಳಬಹುದು, ಅವರಿಗೆ ಬ್ಯಾಂಕು ಫೈಲು ಇಲ್ಲಿಲ್ಲ ಎನ್ನುವುದೂ ಇಲ್ಲ.

ಹಾಗಿದ್ದರೆ ಎಲ್ಲರ ಲೆಕ್ಕವನ್ನೂ ಬ್ಯಾಂಕುಗಳಿಂದ ವರ್ಷಕ್ಕೊಮ್ಮೆ ಒಟ್ಟಿಗೇ ತರಿಸಿಕೊಂಡರೆ ಏನು ಕಷ್ಟ? ನಲವತ್ತೇಳು ರೂಪಾಯಿಯನ್ನು ಎಐಎಸ್‌ಗೆ ಸೇರಿಸುವ ಕಂಪ್ಯೂಟರಿಗೆ ನಲವತ್ತೊಂಬತ್ತು ಸಾವಿರ ಭಾರವಾಗದು. ಆಗ ಸಾಲವಿಲ್ಲದವನ ಕ್ಲೇಮು ಫಾರಂ ತುಂಬುವಾಗಲೇ ಬಿದ್ದುಹೋಗುತ್ತದೆ, ಸಾಲವಿದ್ದವಳ ಕ್ಲೇಮು ತಾನಾಗಿಯೇ ನಿಲ್ಲುತ್ತದೆ. ಏಜೆಂಟರಿಗೆ ಕಮಿಷನ್ ಇಲ್ಲ, ಅಪ್ಪಂದಿರಿಗೆ ಓಡಾಟವಿಲ್ಲ. ತೊಂದರೆ ಒಂದೇ: ಕಳ್ಳರು ಮೊದಲೇ ಇಲ್ಲವಾದರೆ, ಜುಲೈ ತಿಂಗಳಲ್ಲಿ ದೇಶದ 150 ಕಡೆ ಹುಡುಕಲು ಹೋಗುವುದು ಯಾರನ್ನು?