ಪಾಸ್‌ವರ್ಡ್ ಮರೆತವರನ್ನು ಗುರುತು ಹಿಡಿಯುವ ನಿಮ್ಮ ಬಗೆ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಾಲೇಜುಗಳ ಐಟಿ ವಿಭಾಗದ ಮಾನ್ಯರೇ,

ಪರೀಕ್ಷಾ ಶುಲ್ಕ ಕಟ್ಟುವ ಕಡೆಯ ದಿನ ಹತ್ತಿರವಾದಾಗ ನಿಮಗೆ ಬರುವ ಮೇಲ್‌ಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ. ‘ಗೌರವಾನ್ವಿತ ಸರ್, ಪೋರ್ಟಲ್ ಪಾಸ್‌ವರ್ಡ್ ಮರೆತಿದ್ದೇನೆ. ಪರಿಶೀಲನೆಗಾಗಿ ನನ್ನ ಯುಎಸ್‌ಎನ್, ಜನ್ಮ ದಿನಾಂಕ, ತಂದೆಯ ಹೆಸರು, ಮೊಬೈಲ್ ನಂಬರ್ ಕೊಟ್ಟಿದ್ದೇನೆ. ಐಡಿ ಕಾರ್ಡಿನ ಫೋಟೊ ಲಗತ್ತಿಸಿದ್ದೇನೆ. ದಯವಿಟ್ಟು ರೀಸೆಟ್ ಮಾಡಿಕೊಡಿ.’ ಇಷ್ಟೆಲ್ಲ ವಿವರ ಕೊಟ್ಟವರು ಅಸಲಿ ವಿದ್ಯಾರ್ಥಿಯೇ ಇರಬೇಕೆಂದು ನೀವು ನಂಬಿ, ಬಂದ ವಿಳಾಸಕ್ಕೇ ಹೊಸ ಪಾಸ್‌ವರ್ಡ್ ಕಳಿಸಿಬಿಡುತ್ತೀರಿ. ಮನುಷ್ಯರ ಮೇಲೆ ಇಷ್ಟು ವಿಶ್ವಾಸ ಇಟ್ಟ ಕಚೇರಿ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು. ನಿಮ್ಮಲ್ಲಿ ಈ ಪದ್ಧತಿ ಇಲ್ಲವಾದರೆ ತಾವು ಪುಟ ತಿರುವಬಹುದು. ಮಿಕ್ಕವರು ದಯವಿಟ್ಟು ಕೂತು ಓದಿ.

ನನ್ನ ತಕರಾರು ಇಷ್ಟೇ: ನೀವು ಕೇಳುವ ವಿವರಗಳಲ್ಲಿ ಒಂದಾದರೂ ಗುಟ್ಟಿನದಲ್ಲ. ವಿಟಿಯು ಯುಎಸ್‌ಎನ್ನನ್ನೇ ತೆಗೆದುಕೊಳ್ಳಿ. ಮೊದಲಿಗೆ ಮೈಸೂರು ವಲಯದ 4, ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ವಿಭಾಗದ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಒಬ್ಬರ ನಂಬರ್ ಸಿಕ್ಕಿದರೆ ಇಡೀ ತರಗತಿಯದನ್ನು ಬೆರಳೆಣಿಸಿ ಬರೆಯಬಹುದು. ಅದನ್ನು ಫಲಿತಾಂಶದ ಪುಟದಲ್ಲಿ ಹಾಕಿದರೆ ಹೆಸರೂ ಅಂಕಗಳೂ ಎದುರಿಗೆ ಬರುತ್ತವೆ. ಇನ್ನು ಜನ್ಮ ದಿನಾಂಕ. ಒಂದು ತರಗತಿಯ ಬಹುತೇಕರು ಹುಟ್ಟಿದ್ದು ಎರಡು ವರ್ಷಗಳ ಒಳಗೆ, ಅಂದರೆ ಸುಮಾರು 730 ತಾರೀಕುಗಳಲ್ಲಿ ಒಂದು. ಅಷ್ಟೂ ತಾರೀಕು ತಡಕುವ ಕಷ್ಟವನ್ನು ಹುಟ್ಟುಹಬ್ಬದ ಸ್ಟೇಟಸ್ಸೇ ತಪ್ಪಿಸುತ್ತದೆ. ತಂದೆತಾಯಿಯ ಹೆಸರು, ಜನ್ಮ ದಿನಾಂಕ ಎರಡೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿವೆ, ಅದರ ಪ್ರತಿಗಳು ಮಣಿಪಾಲದ ಝೆರಾಕ್ಸ್ ಅಂಗಡಿಗಳ ಕಸದ ಬುಟ್ಟಿಯಲ್ಲಿವೆ. ಐಡಿ ಕಾರ್ಡೋ, ಉಡುಪಿ–ಕಾರ್ಕಳ ಬಸ್ಸಿನಲ್ಲಿ ಪಕ್ಕದವರು ಓದಿಕೊಳ್ಳಲೆಂದೇ ಕೊರಳಲ್ಲಿ ತೂಗುತ್ತಿರುತ್ತದೆ.

ಗೊತ್ತಿರುವ ವಿವರ ಕೇಳಿ ಬಾಗಿಲು ತೆರೆದರೆ ಏನಾಗುತ್ತದೆಂಬುದನ್ನು 2008ರಲ್ಲೇ ಜಗತ್ತು ನೋಡಿದೆ. ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ನುಗ್ಗಿದವನು ಒಬ್ಬ ಕಾಲೇಜು ವಿದ್ಯಾರ್ಥಿ. ಅವನು ಪಾಸ್‌ವರ್ಡ್ ಒಡೆಯಲೇ ಇಲ್ಲ, ‘ಮರೆತಿದ್ದೇನೆ’ ಅಂದ. ಜನ್ಮ ದಿನಾಂಕ, ಪಿನ್‌ಕೋಡ್, ಗಂಡನನ್ನು ಮೊದಲು ಭೇಟಿಯಾದ ಜಾಗ ಕೇಳಿದರು. ಮೂರಕ್ಕೂ ಉತ್ತರ ಅಂತರ್ಜಾಲದಲ್ಲೇ ಬಿದ್ದಿತ್ತು. ನಿಮ್ಮ ಪಟ್ಟಿಯಲ್ಲಿ ಗಂಡನ ಪ್ರಶ್ನೆ ಒಂದು ಇಲ್ಲ, ಅಷ್ಟೇ ವ್ಯತ್ಯಾಸ.

‘ಬಡ ವಿದ್ಯಾರ್ಥಿಯ ಖಾತೆ ಯಾರಿಗೆ ಬೇಕು?’ ಎಂದು ನೀವು ಕೇಳಬಹುದು. ಪಕ್ಕದ ಬೆಂಚಿನವನಿಗೆ ಬೇಕಾಗಬಹುದು. ಐಚ್ಛಿಕ ವಿಷಯ ಬದಲಿಸುವುದು, ಮರುಮೌಲ್ಯಮಾಪನದ ಅರ್ಜಿ, ಮನೆಯ ವಿಳಾಸ, ಬ್ಯಾಂಕ್ ಖಾತೆಯ ವಿವರ ಇಂಥವು ಪೋರ್ಟಲ್‌ನಲ್ಲಿದ್ದರೆ ಕಿತಾಪತಿಗೆ ಅಷ್ಟು ಸಾಕು. ಹುಡುಗಿಯರ ಬೆನ್ನು ಹತ್ತುವವನಿಗಂತೂ ವಿಳಾಸವೊಂದೇ ಸಾಕು.

‘ಹಾಗಾದರೆ ರಜೆಯಲ್ಲಿ ಕಾಪುವಿನ ಮನೆಯಲ್ಲಿರುವವಳು ಪಾಸ್‌ವರ್ಡ್‌ಗಾಗಿ ಬಸ್ ಹತ್ತಿ ಬರಬೇಕೇ?’ ಎಂಬುದು ನ್ಯಾಯವಾದ ಪ್ರಶ್ನೆ. ಬೇಕಿಲ್ಲ. ಅವಳು ಮೇಲ್‌ನಲ್ಲಿ ಬರೆಯಬೇಕಾದದ್ದು ಯುಎಸ್‌ಎನ್, ಯಾವ ಪೋರ್ಟಲ್, ಪರದೆಯ ಮೇಲೆ ಬಂದ ಸಂದೇಶ ಏನು ಎಂಬುದಷ್ಟೇ. ಮೂರನೆಯದು ಮುಖ್ಯ, ಯಾಕೆಂದರೆ ಪದೇ ಪದೇ ತಪ್ಪು ಹಾಕಿ ಖಾತೆ ಲಾಕ್ ಆಗಿದ್ದರೆ ಪಾಸ್‌ವರ್ಡ್ ಬದಲಿಸಬೇಕಾಗಿಯೇ ಇಲ್ಲ, ಲಾಕ್ ತೆಗೆದರೆ ಮುಗಿಯಿತು. ಮರೆತದ್ದೇ ನಿಜವಾದರೆ ನೀವು ಪ್ರವೇಶದ ದಾಖಲೆ ತೆಗೆದು, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ಕಳ್ಳನೂ ತನ್ನ ನಂಬರನ್ನು ಬಹಳ ಪ್ರಾಮಾಣಿಕವಾಗಿ ಬರೆದಿರುತ್ತಾನೆ. ವಿನಂತಿ ಅವಳದೇ ಎಂದು ಖಚಿತವಾದ ಮೇಲೆ ದಾಖಲೆಯಲ್ಲಿರುವ ನಂಬರಿಗೋ ಮೇಲ್‌ಗೋ ಒಂದೇ ಸಲ ತೆರೆಯುವ, ಬೇಗ ಅವಧಿ ಮುಗಿಯುವ ಲಿಂಕ್ ಕಳಿಸಿ. ಸಿಮ್ ಬದಲಾಗಿದ್ದರೆ ಮಾತ್ರ ತೊಡಕು. ಆಗ ಅವಳನ್ನು ಮುಖತಃ ಬಲ್ಲ ಮೆಂಟರ್ ಮೇಡಂ ವಿಡಿಯೊ ಕರೆಯಲ್ಲಿ ನೋಡಿ ಹೌದೆನ್ನಬೇಕು. ಹತ್ತು ನಿಮಿಷ ಹೆಚ್ಚು ಹಿಡಿದೀತು, ಒಪ್ಪುತ್ತೇನೆ.

ಈ ಹತ್ತು ನಿಮಿಷವೂ ಇಲ್ಲದಷ್ಟು ಕೆಲಸದ ಒತ್ತಡ ನಿಮಗಿದೆ ಎಂಬುದೂ ಗೊತ್ತು. ಅದಕ್ಕೇ ತಾನೆ ಎಲ್ಲರಿಗೂ Welcome@123 ಎಂಬ ಒಂದೇ ಪಾಸ್‌ವರ್ಡ್ ಕೊಡುವ ಉಪಾಯ ಹುಟ್ಟಿದ್ದು! ಮೊದಲ ಲಾಗಿನ್‌ನಲ್ಲೇ ಅದನ್ನು ಬದಲಿಸುವಂತೆ ಕಡ್ಡಾಯ ಮಾಡದಿದ್ದರೆ ಸೀನಿಯರ್ ಬಾಯಲ್ಲಿರುವ ಪಾಸ್‌ವರ್ಡೇ ಜೂನಿಯರ್ ಖಾತೆಗೂ ನಡೆಯುತ್ತದೆ.

ಪದ್ಧತಿ ಬದಲಿಸಲು ಸಮಿತಿ, ಸಭೆ, ಸುತ್ತೋಲೆ ಎಲ್ಲ ಆಗಲಿ, ನಮಗೆ ಅವಸರವಿಲ್ಲ. ಅಲ್ಲಿಯವರೆಗೆ, ನಿಮ್ಮ ಸ್ವಯಂಚಾಲಿತ ಉತ್ತರದಲ್ಲಿರುವ ‘ಐಡಿ ಕಾರ್ಡಿನ ಎರಡೂ ಬದಿಯ ಫೋಟೊ ಕಳಿಸಿ’ ಎಂಬ ಸಾಲನ್ನು ಇವತ್ತೇ ತೆಗೆಯಿರಿ. ಇಷ್ಟು ವರ್ಷ ಬಂದು ಬಿದ್ದಿರುವ ಫೋಟೊಗಳನ್ನೂ ಅಳಿಸಿ, ಟ್ರ್ಯಾಶ್ ಫೋಲ್ಡರಿನಿಂದಲೂ.

ಇತಿ,
ಪಾಸ್‌ವರ್ಡ್ ಮರೆಯುವವರ ಪರವಾಗಿ ಒಬ್ಬ ನಾಗರಿಕ